ಹನ್ನೆರಡೆಂದರೆ ಹನ್ನೆರಡೇ: ಬಾಟಲಿ ಎಣಿಸುವ ಪಿಎಲ್‌ಸಿಯ ಟೈಮರು, ಕೌಂಟರು

ಕುಂದಾಪುರದಿಂದ ಕೋಡಿಗೆ ಬಂದರೆ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಪಂಚಗಂಗಾವಳಿ, ನಡುವೆ ತೆಂಗು. ಇಂಥ ಜಾಗದಲ್ಲಿ ತೆಂಗಿನೆಣ್ಣೆಯನ್ನು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಹನ್ನೆರಡು ಬಾಟಲಿಗೊಂದು ರಟ್ಟಿನ ಪೆಟ್ಟಿಗೆ ಕಟ್ಟುವ ಸಣ್ಣ ಘಟಕವೊಂದು ಇದೆ ಎಂದಿಟ್ಟುಕೊಳ್ಳೋಣ. ತುಂಬಿ ಮುಚ್ಚಳ ಹಾಕಿದ ಬಾಟಲಿ ಕನ್ವೇಯರ್ ಬೆಲ್ಟಿನ ಮೇಲೆ ಬರುತ್ತದೆ, ತುದಿಯಲ್ಲಿರುವ ಸೆನ್ಸಾರ್ ಅದನ್ನು ನೋಡುತ್ತದೆ, ಪಿಎಲ್‌ಸಿ ಎಣಿಸುತ್ತದೆ. ಹನ್ನೆರಡಾದ ಕೂಡಲೇ ಗಾಳಿಯ ಒತ್ತಡದಿಂದ ನಡೆಯುವ ಸಿಲಿಂಡರ್ ಅಷ್ಟನ್ನೂ ತಟ್ಟೆಯಿಂದ ಪೆಟ್ಟಿಗೆಯೊಳಗೆ ದೂಡುತ್ತದೆ. ಕೇಳಲಿಕ್ಕೆ ಒಂದು ಕೌಂಟರ್ ಸಾಕಾದೀತು ಅನ್ನಿಸುತ್ತದೆ. ಅಷ್ಟನ್ನೇ ಬರೆದು ಓಡಿಸಿದರೆ ಪೆಟ್ಟಿಗೆ ಕಟ್ಟುವವರು ಮೊದಲ ದಿನವೇ ಬಂದು ಹೇಳುತ್ತಾರೆ: "ಒಳಗೆ ಹನ್ನೊಂದೇ ಇತ್ತ್ ಮರಾಯ್ರೆ."

ಆ ಒಂದು ಬಾಟಲಿ ಎಲ್ಲಿ ತಪ್ಪುತ್ತದೆ ಎಂದು ಹುಡುಕುತ್ತ ಹೋದರೆ ಆನ್-ಡಿಲೇ, ಆಫ್-ಡಿಲೇ, ರಿಟೆಂಟಿವ್ ಎಂಬ ಮೂರು ಬಗೆಯ ಟೈಮರುಗಳ ವ್ಯತ್ಯಾಸವೂ ತಾನಾಗಿ ತಿಳಿಯುತ್ತದೆ. ಹುಡುಕುವ ಮೊದಲು ಬೆಲ್ಟಿನ ಲೆಕ್ಕ ಕೈಯಲ್ಲಿರಬೇಕು. ಬೆಲ್ಟ್ ನಿಮಿಷಕ್ಕೆ 12 ಮೀಟರ್ ಓಡುತ್ತದೆ, ಅಂದರೆ ಸೆಕೆಂಡಿಗೆ 200 ಮಿಲಿಮೀಟರ್. ಬಾಟಲಿಯ ಹೊಟ್ಟೆ 60 ಮಿಲಿಮೀಟರ್ ಅಗಲ, ಮುಚ್ಚಳ 30 ಮಿಲಿಮೀಟರ್. ನಿಮಿಷಕ್ಕೆ 40 ಬಾಟಲಿ ಬರುವುದರಿಂದ ಒಂದರಿಂದ ಇನ್ನೊಂದಕ್ಕೆ ಒಂದೂವರೆ ಸೆಕೆಂಡು, ಬೆಲ್ಟಿನ ಮೇಲೆ 300 ಮಿಲಿಮೀಟರ್ ದೂರ. ಟೈಮರಿಗೆ ಕೊಡುವ ಸಮಯವೆಲ್ಲ ಈ ಅಂಕಿಗಳಿಂದಲೇ ಹುಟ್ಟಬೇಕು. ಅಂದಾಜಿಗೆ ಒಂದು ಸೆಕೆಂಡು ಹಾಕಿ ನೋಡೋಣ ಎಂದು ಶುರುಮಾಡಿದ ಪ್ರೋಗ್ರಾಮು ಬೆಲ್ಟಿನ ವೇಗ ಸ್ವಲ್ಪ ಬದಲಾದ ದಿನವೇ ಕೈಕೊಡುತ್ತದೆ.

ಆನ್-ಡಿಲೇ ಟೈಮರಿನ ಹೆಸರು ಐಇಸಿ 61131-3 ಮಾನದಂಡದಲ್ಲಿ TON. ಒಳಗೆ ಬರುವ ಸಂಕೇತ ಇದ್ದಷ್ಟು ಹೊತ್ತು ಅದರ ಸಮಯ, ಅಂದರೆ ET, ಸೊನ್ನೆಯಿಂದ ಏರುತ್ತದೆ. ನಾವು ಕೊಟ್ಟ PT ಮುಟ್ಟಿದಾಗ Q ಹೊತ್ತಿಕೊಳ್ಳುತ್ತದೆ. ನಡುವೆ ಸಂಕೇತ ಒಂದೇ ಒಂದು ಸ್ಕ್ಯಾನಿನ ಮಟ್ಟಿಗೆ ಕಡಿದುಹೋದರೂ ET ಸೊನ್ನೆಗೆ ಬೀಳುತ್ತದೆ, ಲೆಕ್ಕ ಮೊದಲಿನಿಂದ ಶುರು. ಹಾಗಾಗಿ ನೊಣ ಹಾರಿದ್ದು, ಪಕ್ಕದ ಕಾಂಟ್ಯಾಕ್ಟರ್ ಬಿದ್ದಾಗ ತಂತಿಯಲ್ಲಿ ಎದ್ದ ಗದ್ದಲ, ಇಂಥ ಚುಟುಕು ಸಂಕೇತಗಳನ್ನು ಸೋಸಲಿಕ್ಕೆ ಇದೇ ಸರಿ.

ಆಫ್-ಡಿಲೇ, ಅಂದರೆ TOF, ಇದರ ತಿರುವುಮುರುವು. ಸಂಕೇತ ಬಂದ ಕ್ಷಣವೇ Q ಹೊತ್ತುತ್ತದೆ, ಕಾಯುವುದಿಲ್ಲ. ಸಂಕೇತ ಹೋದ ಮೇಲೆ ಸಮಯ ಎಣಿಸಲು ಶುರುಮಾಡಿ, PT ಮುಗಿದಾಗ Q ಆರುತ್ತದೆ. ಅಷ್ಟರೊಳಗೆ ಸಂಕೇತ ಮರಳಿ ಬಂದರೆ ಏನೂ ಆಗಲೇ ಇಲ್ಲವೆಂಬಂತೆ Q ಉರಿಯುತ್ತಲೇ ಇರುತ್ತದೆ. ಕಾರಿನ ಬಾಗಿಲು ಹಾಕಿದ ಮೇಲೂ ಒಳಗಿನ ದೀಪ ಕೆಲವು ಸೆಕೆಂಡು ಉಳಿಯುವುದು ಈ ಲೆಕ್ಕದಲ್ಲೇ.

ಈಗ ಸೆನ್ಸಾರಿಗೆ ಬರೋಣ. ಮೊದಲ ಸಲ ಹಾಕುವವರು ಸಾಮಾನ್ಯವಾಗಿ ಅದನ್ನು ಬಾಟಲಿಯ ಹೊಟ್ಟೆಯ ಎತ್ತರಕ್ಕೆ ಕಟ್ಟುತ್ತಾರೆ, ಅಲ್ಲಿ ಅಗಲ ಹೆಚ್ಚೆಂದು. ಆದರೆ ಲೇಬಲ್ ಹಚ್ಚದ ಪಾರದರ್ಶಕ ಬಾಟಲಿಯ ನಡುವಿನಿಂದ ಬೆಳಕು ಆರಾಮವಾಗಿ ದಾಟುತ್ತದೆ, ಕಿರಣ ತಡೆಯುವುದು ಎರಡು ಅಂಚುಗಳಲ್ಲಿ ಮಾತ್ರ. ಅಂಚು ತಲಾ 10 ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದೇ ಬಾಟಲಿ ಪಿಎಲ್‌ಸಿಗೆ ಕಾಣುವುದು ಹೀಗೆ: 0.05 ಸೆಕೆಂಡು ಕತ್ತಲೆ, 0.2 ಸೆಕೆಂಡು ಬೆಳಕು, ಮತ್ತೆ 0.05 ಸೆಕೆಂಡು ಕತ್ತಲೆ. ಕೌಂಟರ್ ಎಣಿಸುವುದು ಸಂಕೇತದ ಏರುವ ಅಂಚನ್ನು. ಇಲ್ಲಿ ಏರುವ ಅಂಚು ಎರಡು, ಹಾಗಾಗಿ ಬಾಟಲಿಯೊಂದಕ್ಕೆ ಎರಡು ಲೆಕ್ಕ, ಪೆಟ್ಟಿಗೆಗೆ ಆರೇ ಬಾಟಲಿ.

ಇದಕ್ಕೆ TOF ಹಾಕಿ ನಡುವಿನ ಬೆಳಕನ್ನು ಮುಚ್ಚಿಬಿಡೋಣ ಅನ್ನಿಸುವುದು ಸಹಜ. 0.3 ಸೆಕೆಂಡು ಕೊಟ್ಟರೆ 0.2 ಸೆಕೆಂಡಿನ ಬಿರುಕು ತುಂಬುತ್ತದೆ, ಎರಡು ಬಾಟಲಿಗಳ ನಡುವಿನ ನಿಜವಾದ ಅಂತರ 1.2 ಸೆಕೆಂಡು ಇರುವುದರಿಂದ ಅದೇನೂ ಕೆಡುವುದಿಲ್ಲ. ಪರೀಕ್ಷೆಯ ದಿನ ಎಲ್ಲ ಸರಿಯಿರುತ್ತದೆ. ಆದರೆ ಒಂದು ಹೊತ್ತು ತಟ್ಟೆಯ ಬಳಿ ಬಾಟಲಿ ಸಿಕ್ಕಿಕೊಂಡು ಹಿಂದಿನವು ಒಂದಕ್ಕೊಂದು ಅಂಟಿ ಸಾಲುಗಟ್ಟಿದರೆ? ಆಗ ಅಂತರವೇ ಇಲ್ಲ. ಅಂಚು, ಬೆಳಕು, ಅಂಚು, ಬೆಳಕು ಎಂದು ಬರುವ ಯಾವ ಬೆಳಕೂ 0.2 ಸೆಕೆಂಡು ಮೀರುವುದಿಲ್ಲ. TOF ಒಮ್ಮೆಯೂ ಆರುವುದಿಲ್ಲ. ಹದಿನೈದು ಬಾಟಲಿಯ ಸಾಲು ಹೋದರೂ ಲೆಕ್ಕ ಒಂದೇ.

ಸಮಯ ಹೆಚ್ಚು ಕಡಿಮೆ ಮಾಡಿ ಇದನ್ನು ಸರಿಪಡಿಸಲು ಬರುವುದಿಲ್ಲ. ಸೆನ್ಸಾರನ್ನೇ ಮೇಲೆತ್ತಿ ಮುಚ್ಚಳದ ಎತ್ತರಕ್ಕೆ ಕಟ್ಟಬೇಕು. ಮುಚ್ಚಳದಿಂದ ಬೆಳಕು ಹಾಯುವುದಿಲ್ಲ, 30 ಮಿಲಿಮೀಟರ್ ಅಗಲಕ್ಕೆ 0.15 ಸೆಕೆಂಡು ಪೂರಾ ಕತ್ತಲೆ. ಬಾಟಲಿಗಳು ಹೊಟ್ಟೆ ತಾಗಿಸಿ ನಿಂತರೂ ಮುಚ್ಚಳಗಳ ನಡುವೆ 30 ಮಿಲಿಮೀಟರ್ ಖಾಲಿ ಉಳಿಯುತ್ತದೆ, ಅದೂ 0.15 ಸೆಕೆಂಡು. ಮುಚ್ಚಳವಿಲ್ಲದ ಬಾಟಲಿ ಎಣಿಕೆಗೆ ಸಿಗದೇ ಹೋಗಬಹುದು, ಆ ತೊಂದರೆಯನ್ನು ಮುಚ್ಚಳ ಹಾಕುವ ಕಡೆಯೇ ನೋಡಿಕೊಳ್ಳಬೇಕು. ನನ್ನ ಮಟ್ಟಿಗೆ ಟೈಮರಿನ ಅರ್ಧ ಕೆಲಸ ಸ್ಪ್ಯಾನರಿನಲ್ಲೇ ಮುಗಿಯುತ್ತದೆ.

ಇನ್ನು ಉಳಿದದ್ದು ಸಣ್ಣ ಸೋಸಾಟ. ಕಡಲ ಬದಿಯ ಗಾಳಿಗೆ ಸೆನ್ಸಾರಿನ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ ಕೂರುತ್ತದೆ, ಕನೆಕ್ಟರಿನ ಪಿನ್ನು ಹಸುರುಗಟ್ಟುತ್ತದೆ, ಸಂಕೇತ ಆಗಾಗ ಮಿಣುಕುತ್ತದೆ. ಹಾಗಾಗಿ ಚುಟುಕು ಸಂಕೇತ ತಡೆಯಲು ಒಂದು TON, ಚುಟುಕು ಬಿರುಕು ತುಂಬಲು ಅದರ ಹಿಂದೆ ಒಂದು TOF. ಎರಡಕ್ಕೂ 50 ಮಿಲಿಸೆಕೆಂಡು ಕೊಟ್ಟರೆ ಸಾಕಲ್ಲವೇ? ಸಾಲದು. ಮುಚ್ಚಳ ಹಾಯುವಾಗ ಸಂಕೇತ 20 ಮಿಲಿಸೆಕೆಂಡು ಕಡಿಯಿತು ಎನ್ನಿ. TON ಕೂಡಲೇ ಆರಿತು. ಸಂಕೇತ ಮರಳಿ ಬಂದರೂ ಅದು ಮತ್ತೆ 50 ಮಿಲಿಸೆಕೆಂಡು ಕಾಯುತ್ತದೆ. ಒಟ್ಟು 70 ಮಿಲಿಸೆಕೆಂಡು TOF ಒಳಗೆ ಏನೂ ಬರುವುದಿಲ್ಲ, 50ಕ್ಕೇ ಅದೂ ಆರಿಹೋಗುತ್ತದೆ, ಬಾಟಲಿ ಎರಡಾಗಿ ಎಣಿಕೆಯಾಗುತ್ತದೆ. ಅಂದರೆ ಸೋಸಲು ಹಾಕಿದ TON ತಾನೇ ಬಿರುಕನ್ನು ಅಗಲ ಮಾಡುತ್ತದೆ. TOFನ ಸಮಯ TONನ ಸಮಯಕ್ಕಿಂತ, ತುಂಬಬೇಕಾದ ಬಿರುಕಿನಷ್ಟು ಹೆಚ್ಚಿಗೆ ಇರಲೇಬೇಕು. ನಮ್ಮ ಲೈನಿಗೆ TON 30, TOF 60 ಮಿಲಿಸೆಕೆಂಡು ಹೊಂದುತ್ತದೆ. 30 ಮಿಲಿಸೆಕೆಂಡಿಗಿಂತ ಕಿರಿದಾದ ಬಿರುಕು ಮುಚ್ಚುತ್ತದೆ, 150 ಮಿಲಿಸೆಕೆಂಡಿನ ನಿಜವಾದ ಸಂದು ತೆರೆದೇ ಇರುತ್ತದೆ.

ಸ್ಟ್ರಕ್ಚರ್ಡ್ ಟೆಕ್ಸ್ಟಿನಲ್ಲಿ ಬರೆದರೆ ಇಡೀ ಎಣಿಕೆ ಏಳು ಸಾಲು. ಇದರಲ್ಲಿ Hold ಮತ್ತು Push ಆನ್-ಡಿಲೇ, Clean ಮತ್ತು Window ಆಫ್-ಡಿಲೇ, Box ಮತ್ತು Total ಮೇಲೇರಿ ಎಣಿಸುವ ಕೌಂಟರು, ಅಂದರೆ CTU.

```
Hold(IN := Sensor, PT := T#30ms);
Clean(IN := Hold.Q, PT := T#60ms);
Box(CU := Clean.Q, R := Box.Q, PV := 12);
Total(CU := Clean.Q, R := ShiftReset, PV := 30000);
Window(IN := Box.Q, PT := T#1200ms);
Push(IN := Window.Q, PT := T#600ms);
Cylinder := Push.Q;
```

ಮೂರನೆಯ ಸಾಲನ್ನು ಸ್ವಲ್ಪ ನಿಂತು ನೋಡಬೇಕು. Box ಕೌಂಟರಿನ ಲೆಕ್ಕ 12 ಮುಟ್ಟಿದಾಗ ಅದರ Q ಹೊತ್ತುತ್ತದೆ. ಮುಂದಿನ ಸ್ಕ್ಯಾನಿನಲ್ಲಿ ಅದೇ Q ರೀಸೆಟ್ ಆಗಿ ಬಂದು ಲೆಕ್ಕವನ್ನು ಸೊನ್ನೆ ಮಾಡುತ್ತದೆ. ಅಂದರೆ Q ಬದುಕುವುದು ಒಂದೇ ಸ್ಕ್ಯಾನು, ಹತ್ತು ಮಿಲಿಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಸಿಲಿಂಡರಿನ ವಾಲ್ವು ಅಲುಗುವುದೂ ಕಷ್ಟ. ಇದನ್ನು ಕಂಡು ಹಲವರು Q ಅನ್ನು ಸಿಲಿಂಡರ್ ಕೆಲಸ ಮುಗಿಯುವ ತನಕ ಹಿಡಿದಿಟ್ಟು, ಆಮೇಲೆ ರೀಸೆಟ್ ಮಾಡುತ್ತಾರೆ, ಅಥವಾ ಸಿಲಿಂಡರ್ ಹೋಗಿಬರುವ ಹೊತ್ತೆಲ್ಲ ರೀಸೆಟ್ ಒತ್ತಿಯೇ ಇಡುತ್ತಾರೆ. ರೀಸೆಟ್ ಒತ್ತಿರುವಷ್ಟು ಹೊತ್ತು CTU ಏನನ್ನೂ ಎಣಿಸುವುದಿಲ್ಲ. ಬಾಟಲಿಗಳು ದೂರ ದೂರ ಬರುವಾಗ ನಷ್ಟವಿಲ್ಲ. ಒತ್ತಾಗಿ ಬಂದ ದಿನ ಆ ಹೊತ್ತಿನಲ್ಲಿ ದಾಟಿದ ಬಾಟಲಿ ಲೆಕ್ಕಕ್ಕೆ ಸಿಗದೆ ಪೆಟ್ಟಿಗೆಗೆ ಹದಿಮೂರು ಬೀಳುತ್ತದೆ.

ಹಾಗಾಗಿ ರೀಸೆಟ್ಟನ್ನು ಒಂದೇ ಸ್ಕ್ಯಾನಿಗೆ ಬಿಟ್ಟು, ಆ ಗಿಡ್ಡ ಸಂಕೇತವನ್ನು ಹಿಗ್ಗಿಸುವ ಕೆಲಸವನ್ನು TOFಗೆ ಕೊಡುವುದು ಮೇಲು. Window ಅದನ್ನು 1.2 ಸೆಕೆಂಡಿಗೆ ಎಳೆಯುತ್ತದೆ. ಅದರೊಳಗೆ Push ಮೊದಲ 0.6 ಸೆಕೆಂಡು ಕಾಯುತ್ತದೆ, ಯಾಕೆಂದರೆ ಹನ್ನೆರಡನೆಯ ಬಾಟಲಿಯ ಮುಚ್ಚಳ ಸೆನ್ಸಾರಿಗೆ ಕಂಡಾಗ ಬಾಟಲಿ ಇನ್ನೂ ತಟ್ಟೆಯ ಬಾಯಲ್ಲಿರುತ್ತದೆ. ಉಳಿದ 0.6 ಸೆಕೆಂಡು ಸಿಲಿಂಡರ್ ಮುಂದೆ ಚಾಚಿರುತ್ತದೆ. ಹದಿಮೂರನೆಯದು ಸೆನ್ಸಾರಿಗೆ ಬರುವುದು 1.5 ಸೆಕೆಂಡಿಗೆ, ತಟ್ಟೆಗೆ ಬರುವುದು ಅದಕ್ಕೂ ಆಮೇಲೆ. ಅಷ್ಟರಲ್ಲಿ ಸಿಲಿಂಡರ್ ಹಿಂದೆ ಸರಿದಿರುತ್ತದೆ. ಬಾಟಲಿ ಅಂಟಿಕೊಂಡು ಬರುವ ಸಾಧ್ಯತೆ ಇರುವ ಲೈನಿನಲ್ಲಿ ಈ ಲೆಕ್ಕ ಸಾಲದು. ಅಲ್ಲಿ Window ಉರಿಯುವಷ್ಟು ಹೊತ್ತು ತಟ್ಟೆಯ ಬಾಯಿಗೆ ಅಡ್ಡ ಬರುವ ಒಂದು ಸ್ಟಾಪರ್ ಬೇಕೇ ಬೇಕು.

ಬೆಲ್ಟಿನ ಮೋಟರಿಗೂ ಒಂದು ಆಫ್-ಡಿಲೇ ಹಾಕುವ ರೂಢಿ ಇದೆ. ತುಂಬುವ ಯಂತ್ರ ನಿಂತ ಕೂಡಲೇ ಬೆಲ್ಟ್ ನಿಂತರೆ ಮುಚ್ಚಳ ಹಾಕಿದ ಬಾಟಲಿಗಳು ದಾರಿಯಲ್ಲೇ ಉಳಿಯುತ್ತವೆ. ದಾರಿ 1.6 ಮೀಟರ್ ಇದ್ದರೆ ದಾಟಲು 8 ಸೆಕೆಂಡು, ಹತ್ತು ಸೆಕೆಂಡಿನ TOF ಕೊಟ್ಟರೆ ಬೆಲ್ಟ್ ಖಾಲಿಯಾಗಿ ನಿಲ್ಲುತ್ತದೆ. ಆದರೆ ಎಮರ್ಜೆನ್ಸಿ ಸ್ಟಾಪ್ ಈ ಟೈಮರಿನ ಹಿಂದೆ ಸೇರಿಕೊಂಡಿರಕೂಡದು. ಕೈ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದ ಮೇಲೂ ಬೆಲ್ಟ್ ಹತ್ತು ಸೆಕೆಂಡು ಓಡಿದರೆ ಗತಿಯೇನು? ಅದು ಪಿಎಲ್‌ಸಿಯನ್ನು ಕಾಯದೆ ಮೋಟರಿನ ಕರೆಂಟನ್ನೇ ಕಡಿಯಬೇಕು.

ಇನ್ನು ರಿಟೆಂಟಿವ್. ಗೊಂದಲ ಇರುವುದು ಇಲ್ಲಿ, ಯಾಕೆಂದರೆ ಒಂದೇ ಮಾತನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತಾರೆ. ಮೊದಲನೆಯದು, ಸಂಕೇತ ಹೋದಾಗ ಸಮಯವನ್ನು ಮರೆಯದಿರುವುದು. ಎರಡನೆಯದು, ಕರೆಂಟ್ ಹೋದಾಗ ಮರೆಯದಿರುವುದು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರಬೇಕೆಂದಿಲ್ಲ.

ಮೊದಲನೆಯದಕ್ಕೆ ನಮ್ಮ ಘಟಕದಲ್ಲೊಂದು ಕೆಲಸ ಇದೆ. ಬೆಲ್ಟ್ ಒಟ್ಟು ಎಂಟು ಗಂಟೆ ಓಡಿದ ಮೇಲೆ ಬೇರಿಂಗಿಗೆ ಗ್ರೀಸು ಕೊಡಲು ದೀಪವೊಂದು ಹೊತ್ತಬೇಕು. TON ಹಾಕಿದರೆ ಬೆಲ್ಟ್ ನಿಂತಾಗಲೆಲ್ಲ ಸೊನ್ನೆ, ಊಟಕ್ಕೆ ನಿಲ್ಲಿಸುವ ಜಾಗದಲ್ಲಿ ಎಂಟು ಗಂಟೆ ಎಂದಿಗೂ ಆಗುವುದಿಲ್ಲ. ಇಲ್ಲಿ ಬೇಕಾದದ್ದು ನಿಂತಾಗ ನಿಂತು, ಓಡಿದಾಗ ಅಲ್ಲಿಂದಲೇ ಮುಂದುವರಿಯುವ ಟೈಮರ್. ಸೀಮೆನ್ಸ್ ಅದನ್ನು TONR ಎನ್ನುತ್ತದೆ, ಅಲೆನ್-ಬ್ರಾಡ್ಲಿ RTO ಎನ್ನುತ್ತದೆ. ಇದು ತಾನಾಗಿ ಸೊನ್ನೆಗೆ ಬರುವುದಿಲ್ಲ, ರೀಸೆಟ್ ಸಂಕೇತ ಕೊಡಲೇಬೇಕು. ಅದನ್ನು ಬರೆಯಲು ಮರೆತರೆ ದೀಪ ಒಮ್ಮೆ ಹೊತ್ತಿದ್ದು ಆರುವುದೇ ಇಲ್ಲ.

ನಮ್ಮ ಕಡೆಯ ಪ್ಯಾನೆಲ್‌ಗಳಲ್ಲಿ ಇನ್ನೂ ಕಾಣಸಿಗುವ ಮಿತ್ಸುಬಿಷಿ FX3Uನಲ್ಲಿ ಟೈಮರಿನ ಗುಣವನ್ನು ಅದರ ಸಂಖ್ಯೆಯೇ ತೀರ್ಮಾನಿಸುತ್ತದೆ. T0ಯಿಂದ T199 ತನಕ ಸಾಮಾನ್ಯ ಆನ್-ಡಿಲೇ, T250ರಿಂದ T255 ತನಕ 100 ಮಿಲಿಸೆಕೆಂಡಿನ ಲೆಕ್ಕದ ರಿಟೆಂಟಿವ್. ಆದರೆ ಅದು ಎಣಿಸಬಲ್ಲ ಗರಿಷ್ಠ 32767, ಅಂದರೆ 3276.7 ಸೆಕೆಂಡು, ಒಂದು ಗಂಟೆಯೂ ಪೂರಾ ಇಲ್ಲ. ಎಂಟು ಗಂಟೆಗೆ ಟೈಮರನ್ನೂ ಕೌಂಟರನ್ನೂ ಜೋಡಿಸಬೇಕಾಗುತ್ತದೆ.

```
LD  X001
OUT T250 K600
LD  T250
OUT C100 K480
RST T250
```

X001 ಎಂದರೆ ಬೆಲ್ಟ್ ಓಡುತ್ತಿದೆ ಎಂಬ ಸಂಕೇತ. T250 ಅರವತ್ತು ಸೆಕೆಂಡು ತುಂಬಿದಾಗ C100ಕ್ಕೆ ಒಂದು ಲೆಕ್ಕ ಕೊಟ್ಟು ತನ್ನನ್ನೇ ಸೊನ್ನೆ ಮಾಡಿಕೊಳ್ಳುತ್ತದೆ. 480 ನಿಮಿಷವಾದಾಗ C100 ಹೊತ್ತುತ್ತದೆ. ಗ್ರೀಸು ಕೊಟ್ಟವರು ಒತ್ತುವ ಗುಂಡಿಗೆ RST C100 ಎಂಬ ಇನ್ನೊಂದು ಸಾಲು. ಸೀಮೆನ್ಸಿನಲ್ಲಿ ಈ ಜೋಡಣೆ ಇಲ್ಲದೆ ನಡೆಯುತ್ತದೆ, ಅಲ್ಲಿ TIME ಎಂಬ ಮಾದರಿ 24 ದಿನ 20 ಗಂಟೆ ಚಿಲ್ಲರೆ ಹಿಡಿಯುತ್ತದೆ. ಸಾವಿರ ಗಂಟೆ ಬೇಕೆಂದರೆ ಅಲ್ಲೂ ಜೋಡಿಸಬೇಕಾದೀತು.

ಎರಡನೆಯದು ಕರೆಂಟಿನ ಮಾತು. ಆಟಿ ತಿಂಗಳ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಸಾಕು. Box ಕೌಂಟರಿನಲ್ಲಿ ಏಳು ಆಗಿತ್ತು, ತಟ್ಟೆಯ ಮೇಲೂ ಏಳು ಬಾಟಲಿ ಇತ್ತು. ಜನರೇಟರ್ ಎಬ್ಬಿಸಿದಾಗ ಕೌಂಟರ್ ಸೊನ್ನೆಯಿಂದ ಶುರುಮಾಡಿದರೆ ತಟ್ಟೆಯಲ್ಲಿ ಹತ್ತೊಂಬತ್ತು ಕೂಡುವ ತನಕ ಸಿಲಿಂಡರ್ ಅಲುಗುವುದಿಲ್ಲ. ಪಾಳಿಯ ಒಟ್ಟು ಲೆಕ್ಕ ಇಟ್ಟ Total ಅಂತೂ ಹೋಯಿತೇ. FX3Uನಲ್ಲಿ C0ಯಿಂದ C99 ತನಕ ಹೀಗೆ ಮರೆಯುವವು, C100ರಿಂದ C199 ತನಕ ಉಳಿಸಿಕೊಳ್ಳುವವು. ಮೇಲೆ ಗ್ರೀಸಿನ ಲೆಕ್ಕಕ್ಕೆ C100 ತೆಗೆದುಕೊಂಡದ್ದು ಇದಕ್ಕೇ. ಉಳಿಸುವುದು ಒಳಗಿನ ಬ್ಯಾಟರಿ. ಮುಂದಿನ ಮುಖದಲ್ಲಿ BATT ದೀಪ ಹೊತ್ತಿದ್ದನ್ನು ಕಂಡೂ ಬಿಟ್ಟರೆ ಇನ್ನೊಮ್ಮೆ ಕರೆಂಟ್ ಹೋದಾಗ C100ಕ್ಕೂ C0ಗೂ ವ್ಯತ್ಯಾಸ ಇರುವುದಿಲ್ಲ. ಸೀಮೆನ್ಸ್ S7-1200ನಲ್ಲಿ ಬ್ಯಾಟರಿಯ ಗೋಜಿಲ್ಲ, ಆದರೆ ಕೌಂಟರಿನ ಡೇಟಾ ಬ್ಲಾಕಿನಲ್ಲಿ Retain ಗುರುತು ಹಾಕಬೇಕು. TONR ಎಂಬ ಹೆಸರು ನೋಡಿ ಇದು ಕರೆಂಟಿಗೂ ಜಗ್ಗುವುದಿಲ್ಲ ಎಂದು ನಂಬಿ ಆ ಗುರುತು ಹಾಕದವರು ಬಹಳ ಜನ. ಅಂಥ TONR ಊಟದ ವಿರಾಮವನ್ನು ನೆನಪಿಟ್ಟುಕೊಳ್ಳುತ್ತದೆ, ಕರೆಂಟ್ ಹೋದದ್ದನ್ನಲ್ಲ.

ಹಾಗೆಂದು ಎಲ್ಲವನ್ನೂ ಉಳಿಸಿಡಬೇಕು ಎಂದಲ್ಲ. Hold, Clean, Window, Push ಇವೆಲ್ಲ ಆ ಗಳಿಗೆಯ ಸಂಗತಿಗಳು, ಅವು ಮರೆತರೇ ಒಳ್ಳೆಯದು. Window, Push ಎರಡೂ ಉಳಿದುಕೊಂಡಿದ್ದರೆ ಕರೆಂಟ್ ಬಂದ ಕ್ಷಣ ಸಿಲಿಂಡರ್ ತಟ್ಟನೆ ಚಾಚೀತು, ಆಗ ತಟ್ಟೆಯ ಬಳಿ ಯಾರ ಕೈ ಇದೆಯೋ ಯಾರಿಗೆ ಗೊತ್ತು. ಉಳಿಯಬೇಕಾದದ್ದು ಕಣ್ಣೆದುರಿನ ವಸ್ತುವಿನ ಲೆಕ್ಕ ಮಾತ್ರ: ತಟ್ಟೆಯ ಬಾಟಲಿ, ಪಾಳಿಯ ಒಟ್ಟು, ಓಡಿದ ಗಂಟೆ. ತಟ್ಟೆಯ ಬಾಟಲಿಯಲ್ಲೂ ಒಂದು ಪೇಚಿದೆ. ಕರೆಂಟ್ ಇಲ್ಲದಾಗ ಯಾರಾದರೂ ಎರಡು ಬಾಟಲಿ ಎತ್ತಿಟ್ಟರೆ ಕೌಂಟರಿನ ಏಳು ಸುಳ್ಳಾಗುತ್ತದೆ. ಅದಕ್ಕೆ ತಟ್ಟೆ ಖಾಲಿ ಮಾಡಿ Boxಅನ್ನು ಸೊನ್ನೆಗೆ ತರುವ ಬೇರೆಯೇ ಗುಂಡಿಯೊಂದು ಪ್ಯಾನೆಲ್ ಮೇಲೆ ಇರಲಿ. ಆ ಗುಂಡಿ Totalಅನ್ನು ಮುಟ್ಟಬಾರದು.

ಇನ್ನೊಂದು ಹೆಚ್ಚುವರಿ ಲೆಕ್ಕ ಬರುವುದು ಬೆಲ್ಟ್ ನಿಂತು ಹೊರಡುವಾಗ. ನಿಂತ ಬೆಲ್ಟಿನ ಮೇಲೆ ಬಾಟಲಿ ಅಲುಗಿ ಎಣಿಕೆ ಕೆಡುತ್ತದೆಂದು ಕೆಲವರು ಸೆನ್ಸಾರಿನ ಸಂಕೇತಕ್ಕೆ "ಬೆಲ್ಟ್ ಓಡುತ್ತಿದ್ದರೆ ಮಾತ್ರ" ಎಂಬ ಷರತ್ತು ಸೇರಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಮುಚ್ಚಳ ಸೆನ್ಸಾರಿನ ಎದುರೇ ನಿಂತಿದ್ದಾಗ ಬೆಲ್ಟ್ ನಿಂತರೆ ಸಂಕೇತ ಆರುತ್ತದೆ, ಹೊರಟಾಗ ಮತ್ತೆ ಹೊತ್ತುತ್ತದೆ. ಬಾಟಲಿ ಅಲುಗಲೇ ಇಲ್ಲ, ಏರುವ ಅಂಚು ಮಾತ್ರ ಹೊಸದಾಗಿ ಹುಟ್ಟಿತು, ಲೆಕ್ಕ ಒಂದು ಹೆಚ್ಚಿತು. ಮೊದಲ ಪ್ಯಾರಾದ ಹನ್ನೊಂದು ಬಾಟಲಿಯ ಪೆಟ್ಟಿಗೆ ಬಹಳ ಸಲ ಹುಟ್ಟುವುದು ಹೀಗೆ. ಷರತ್ತು ಹಾಕದೆ, ಬೆಲ್ಟ್ ನಿಂತಾಗ ಹಿಂದಿನ ಸ್ಥಿತಿಯನ್ನೇ ಹಿಡಿದಿಡುವಂತೆ Hold, Clean ಸಾಲುಗಳನ್ನೂ ಎರಡು ಎಣಿಕೆಯ ಸಾಲುಗಳನ್ನೂ ಬೆಲ್ಟ್ ಓಡುವಾಗ ಮಾತ್ರ ನಡೆಸಿದರೆ ಈ ಸುಳ್ಳು ಅಂಚು ಹುಟ್ಟುವುದಿಲ್ಲ.

ಒಪ್ಪಿಸುವ ಮೊದಲು ಲ್ಯಾಪ್‌ಟಾಪಿನಲ್ಲಿ Holdನ ETಗೆ ಟ್ರೇಸ್ ಹಾಕಿ ನೋಡುತ್ತ ಕೂರಿ. ಬಾಟಲಿ ಹಾಯುವಾಗ ಅದು 30ಕ್ಕೆ ಒಂದೇ ಸಲ ಏರಿ ನಿಂತರೆ ಗಾಜು ಶುದ್ಧ. ಏರುತ್ತ ಏರುತ್ತ ಸೊನ್ನೆಗೆ ಬಿದ್ದು ಮತ್ತೆ ಏರಿದರೆ ಉಪ್ಪು ಕೂತಿದೆ, ಇಲ್ಲವೇ ಸೆನ್ಸಾರಿನ ನೇರ ತಪ್ಪಿದೆ. ಸಮಯ ಹೆಚ್ಚಿಸುವ ಮೊದಲು ಗಾಜು ಒರೆಸಿ. ಆಮೇಲೆ ಡ್ರೈವಿನಲ್ಲಿ ಬೆಲ್ಟಿನ ವೇಗವನ್ನು ಮೂರು ಪಟ್ಟು ಮಾಡಿ ನೋಡಿ. ಆಗ ಮುಚ್ಚಳ ಕಾಣುವುದು 50 ಮಿಲಿಸೆಕೆಂಡು ಮಾತ್ರ. 30ರ TONಗೆ ಉಳಿಯುವುದು ಎರಡು ಸ್ಕ್ಯಾನಿನಷ್ಟು ಅವಕಾಶ, ಪಿಎಲ್‌ಸಿಯ ಇನ್‌ಪುಟ್ಟಿನಲ್ಲೇ ಇರುವ ಸೋಸುಸಮಯ ಅದರಲ್ಲೂ ಪಾಲು ಕೇಳುತ್ತದೆ: S7-1200ನಲ್ಲಿ ಕಂಪನಿಯಿಂದ ಬರುವಾಗ 6.4, FXನಲ್ಲಿ 10 ಮಿಲಿಸೆಕೆಂಡು. ಅದಕ್ಕಿಂತ ಜೋರಾಗಿ ಓಡಿಸುವುದಿದ್ದರೆ TON, TOF ಎರಡನ್ನೂ ಇಳಿಸಬೇಕು. Push, Windowಗಳ ಸಮಯವನ್ನೂ ಹೊಸ ವೇಗಕ್ಕೆ ಲೆಕ್ಕ ಹಾಕಬೇಕು, ಬಾಟಲಿಗಳೂ ಅಷ್ಟೇ ಜೋರಾಗಿ ಬಂದರೆ 0.6 ಸೆಕೆಂಡಿನಲ್ಲಿ ಮುಂದಿನ ಬಾಟಲಿಯೇ ಬಂದಿರುತ್ತದೆ.

ಕೊನೆಯ ಪರೀಕ್ಷೆಗೆ ಒಂದು ಬಾಟಲಿಯನ್ನು ಸೆನ್ಸಾರಿನ ಎದುರೇ ನಿಲ್ಲಿಸಿ ಪ್ಯಾನೆಲ್‌ನ ಮೇನ್ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಹಾಕಿ, ಬೆಲ್ಟ್ ಓಡಿಸಿ. Box ಮತ್ತು Total ಎರಡೂ ಆಫ್ ಮಾಡುವ ಮೊದಲಿನ ಅಂಕಿಯನ್ನೇ ತೋರಿಸಬೇಕು. Total ಒಂದು ಹೆಚ್ಚು ತೋರಿಸಿದರೆ ಅಂಚಿನ ನೆನಪು ಉಳಿದಿಲ್ಲ, ಪಿಎಲ್‌ಸಿ ಎದುರಿನ ಬಾಟಲಿಯನ್ನು ಹೊಸದೆಂದು ತಿಳಿದಿದೆ. ಆಗ ಎಣಿಕೆಯ ಎರಡು ಸಾಲುಗಳನ್ನು, ಶುರುವಾದ ಮೇಲೆ Sensor, Clean.Q ಎರಡೂ ಒಟ್ಟಿಗೆ ಒಮ್ಮೆ ಆರಿದ ನಂತರವೇ ನಡೆಸುವಂತೆ ಒಂದು ಬಿಟ್ ಇಟ್ಟು ತಡೆದು, ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.